ಮಿಂಚುಳ್ಳಿಯೋ ಚುರುಮುರಿಯೋ: ಏಳನೇ ಕ್ಲಾಸಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಹೆಸರು ಆರಿಸುವ ಬಗೆ

ಹತ್ತು ಜನ ಗೆಳತಿಯರು, ಎಲ್ಲರೂ ಹನ್ನೆರಡರ ಆಸುಪಾಸು, ಏಳನೇ ಕ್ಲಾಸು. ಏಳು ಮಂದಿ ಆಡುವವರು, ಮೂವರು ಬದಲಿ. ತುಮಕೂರು ಕಡೆಯ ಒಂದು ಊರಿನ ಶಾಲೆಯಲ್ಲಿ ನಾನು ಪಿ.ಟಿ. ಮೇಡಂ. ನಾಲ್ಕು ತಿಂಗಳು ಒಟ್ಟಿಗೆ ಆಡಿದ ಮೇಲೆ ಒಂದು ಶನಿವಾರ ಬಂದು, "ಮಿಸ್, ನಮ್ಮ ಟೀಮಿಗೆ ಒಂದು ಹೆಸರು ಬೇಕು, ಕೆಳಗಡೆ ಒಂದು ಸಾಲೂ ಬೇಕು" ಅಂದರು. ಕೆಳಗಡೆ ಸಾಲು ಅಂದರೆ ಧ್ಯೇಯವಾಕ್ಯ. ಆ ಪದ ಅವರ ಬಾಯಿಗೆ ಬರಲಿಲ್ಲ, ಕೊನೆಯವರೆಗೂ ಅದು "ಕೆಳಗಡೆ ಸಾಲು" ಆಗಿಯೇ ಉಳಿಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಮಕ್ಕಳಿಗೆ ಬೇಜಾರಾಗುತ್ತದೆ. ಇಲಾಖೆಯ ಕ್ರೀಡಾಕೂಟದಲ್ಲಿ ತಂಡ ಇಳಿಯುವುದು ಶಾಲೆಯ ಹೆಸರಿನಲ್ಲೇ. ಪಟ್ಟಿಯಲ್ಲಿ, ಪ್ರಮಾಣಪತ್ರದಲ್ಲಿ ಬರುವುದೂ ಶಾಲೆಯ ಹೆಸರೇ. ಗೆಳತಿಯರು ಇಟ್ಟುಕೊಂಡ ಹೆಸರಿಗೆ ಜಾಗ ಇರುವುದು ಭಾನುವಾರದ ಪಂದ್ಯಗಳಲ್ಲಿ, ಪಕ್ಕದ ಊರಿನ ಜತೆಗಿನ ಆಟಗಳಲ್ಲಿ, ಅಭ್ಯಾಸದ ಟಿ-ಶರ್ಟಿನ ಮೇಲೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಗೆರೆಯಾಚೆ ನಿಂತು ಕೂಗುವವರ ಬಾಯಲ್ಲಿ. ಹಾಗಾಗಿ ಹೆಸರನ್ನು ಕಾಗದದ ಮೇಲೆ ಬರೆದು ನೋಡಿ ಆರಿಸಬೇಡಿ, ಮೈದಾನದಲ್ಲಿ ಕೂಗಿ ಆರಿಸಿ. ನಾನು ಇಲ್ಲಿ ಹೋಲಿಸುವುದೆಲ್ಲ ಆ ಲೆಕ್ಕದಲ್ಲೇ.

ಕಣಕ್ಕೆ ಇಳಿದ ಐದು ಹೆಸರು

ಮೊದಲ ದಿನ ಬಂದದ್ದು ಇಪ್ಪತ್ತಕ್ಕೂ ಮೇಲೆ. ಅರ್ಧದಷ್ಟು ಟಿ.ವಿ. ಜಾಹೀರಾತಿನವು, ಇನ್ನೊಂದಿಷ್ಟು ಬೇರೆ ಕ್ಲಬ್ಬುಗಳಿಂದ ಎತ್ತಿಕೊಂಡವು. ಅವನ್ನು ತೆಗೆದ ಮೇಲೆ ಉಳಿದದ್ದು ಇಷ್ಟು: ಥಂಡರ್ ಕ್ವೀನ್ಸ್, ಓಬವ್ವ ಪಡೆ, ಕೆರೆ ಏರಿ, ಚುರುಮುರಿ, ಮಿಂಚುಳ್ಳಿ. ಒಂದೊಂದೂ ಒಂದೊಂದು ಜಾತಿಯ ಹೆಸರು. ನಿಮ್ಮ ತಂಡದ ಪಟ್ಟಿಯಲ್ಲಿಯೂ ಇಂಥವೇ ಇರುತ್ತವೆ, ಪದಗಳಷ್ಟೇ ಬೇರೆ.

ಥಂಡರ್ ಕ್ವೀನ್ಸ್ ಕ್ಯಾಪ್ಟನ್ ಹುಡುಗಿಯ ಆಯ್ಕೆ. ಇಂಗ್ಲಿಷ್ ಹೆಸರು ಇಡಬಾರದು ಅಂತ ನನಗೆ ಹಟವೇನಿಲ್ಲ. ಆದರೆ ಇದರ ತೊಂದರೆ ಕೂಗಿದಾಗ ಗೊತ್ತಾಗುತ್ತದೆ. ಹೆಸರು ವ್ಯಂಜನದಲ್ಲಿ ಮುಗಿಯುತ್ತದೆ, ಎಳೆಯಲು ಬಾಲವೇ ಇಲ್ಲ. ನಮ್ಮ ಬಾಯಿಗೆ ಅದು ತಾನಾಗಿ "ಕ್ವೀನ್ಸೂ" ಆಗುತ್ತದೆ, ಅಜ್ಜಿಯರ ಬಾಯಲ್ಲಿ "ಕ್ವೀನ್ಸ್‌ಗಳು". ಇನ್ನೊಂದು ವಿಷಯ, ಕ್ವೀನ್ಸ್, ಏಂಜಲ್ಸ್, ಪ್ರಿನ್ಸೆಸ್ ಅಂತ ಹೆಸರಿರುವ ತಂಡ ಪ್ರತಿ ಪಂದ್ಯಾವಳಿಯಲ್ಲೂ ಎರಡು ಮೂರು ಸಿಗುತ್ತವೆ. ಮೈಕಿನಲ್ಲಿ ಕರೆದಾಗ ಯಾರು ಏಳಬೇಕು ಅಂತ ಗೊತ್ತಾಗದ ಹೆಸರು ಇದ್ದೂ ಇಲ್ಲದ ಹಾಗೆ.

ಹುಡುಗಿಯರ ತಂಡ ಅಂತ ಹೆಸರಲ್ಲೇ ಸಾರಬೇಕೇ ಅನ್ನುವುದು ಬೇರೆ ಪ್ರಶ್ನೆ. ಆಸ್ಟ್ರೇಲಿಯಾದ ಮಹಿಳಾ ತಂಡವನ್ನು ಮೊದಲು ಗಂಡಸರ ತಂಡದ ಹೆಸರಿಗೇ ಬಾಲ ಕಟ್ಟಿ "ಫೀಮೇಲ್ ಸಾಕರೂಸ್" ಅನ್ನುತ್ತಿದ್ದರು. 1995ರಲ್ಲಿ ಅಲ್ಲಿನ ಒಂದು ಟಿ.ವಿ. ವಾಹಿನಿ ಜನರ ಮತ ಕೇಳಿ "ಮಟಿಲ್ಡಾಸ್" ಅನ್ನುವ ಸ್ವಂತ ಹೆಸರು ಬಂತು. ಈಗ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ದಕ್ಷಿಣ ಆಫ್ರಿಕಾದವರು ಇದಕ್ಕೆ ತೀರಾ ಉಲ್ಟಾ. ಅವರ ತಂಡದ ಹೆಸರು "ಬನ್ಯಾನ ಬನ್ಯಾನ", ಜೂಲು ಭಾಷೆಯಲ್ಲಿ "ಹುಡುಗಿಯರು ಹುಡುಗಿಯರು" ಅಂತಲೇ ಅರ್ಥ. 2022ರಲ್ಲಿ ಅವರು ಆಫ್ರಿಕಾ ಖಂಡದ ಕಪ್ ಗೆದ್ದರು. ಅರ್ಥ ಸಾದಾ ಇದ್ದರೂ ಎರಡು ಸಲ ಹೇಳಿದ ಕೂಡಲೇ ಅದು ಘೋಷಣೆಯಾಗಿಬಿಡುತ್ತದೆ. ಕನ್ನಡಕ್ಕೆ ಈ ಜೋಡಿ ಪದದ ಗುಣ ಹುಟ್ಟಿನಿಂದಲೇ ಇದೆಯಲ್ಲ, ಸರಸರ, ಪಟಪಟ, ಬಿರಬಿರ ಅಂತ. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಓಬವ್ವ ಪಡೆ ಕೇಳಲು ಗಟ್ಟಿ. ಚಿತ್ರದುರ್ಗ ನಮಗೆ ದೂರವೂ ಅಲ್ಲ. ನವೆಂಬರ್ 11ರಂದು ಶಾಲೆಯಲ್ಲಿ ಓಬವ್ವ ಜಯಂತಿಗೆ ಹೂ ಹಾಕುವ ಮಕ್ಕಳೇ ಇವರು. ಕೂಗಿ ನೋಡಿದರೆ ಐದರಲ್ಲಿ ಅತಿ ದೂರ ಮುಟ್ಟುವ ಹೆಸರು ಇದೇ, ಯಾಕೆಂದರೆ ಕೊನೆಯಲ್ಲಿ ಬಾಯಿ ಪೂರ್ತಿ ತೆರೆಯುವ "ಆ" ಇದೆ: "ಓಬವ್ವಾ...". ಹಾಗಿದ್ದೂ ನಾನು ಇದನ್ನು ಒಪ್ಪಲಿಲ್ಲ. ಹನ್ನೆರಡು ವರ್ಷದ ಮಕ್ಕಳ ಹೊಸ ತಂಡ ಮೊದಲ ವರ್ಷ ಸೋಲುವುದೇ ಜಾಸ್ತಿ. ಸೊನ್ನೆಗೆ ಐದು ಗೋಲು ತಿಂದ ದಿನ "ಓಬವ್ವ ಪಡೆ ಸೋತಿತು" ಅಂತ ಯಾರಾದರೂ ನಗುತ್ತಾ ಅಂದರೆ ಮಕ್ಕಳಿಗೆ ತಾವು ಸೋತದ್ದಕ್ಕಿಂತ ಆಕೆಯನ್ನು ಸೋಲಿಸಿದೆವಲ್ಲ ಅನ್ನುವ ಸಂಕಟ. ಚೆನ್ನಮ್ಮ, ಅಬ್ಬಕ್ಕ, ಬೆಳವಡಿ ಮಲ್ಲಮ್ಮ, ಯಾರ ಹೆಸರಿಟ್ಟರೂ ಇದೇ ಕಥೆ. ಅಲ್ಲದೆ ಓಬವ್ವ ಪಡೆ ಅನ್ನುವ ಹೆಸರನ್ನು ಪೊಲೀಸ್ ಇಲಾಖೆಯ ಮಹಿಳಾ ತಂಡಕ್ಕೆ ಆಗಲೇ ಇಟ್ಟಾಗಿದೆ.

ಕೆರೆ ಏರಿ ನನ್ನ ಮನಸ್ಸಿಗೆ ಬಂದ ಹೆಸರು, ಬಚ್ಚಿಡುವುದೇನು. ನಾವು ಆಡುವ ಜಾಗ ಊರ ಕೆರೆಯ ಏರಿ ಕೆಳಗಿನ ಬಯಲು. ಆಡುವ ಜಾಗದ ಹೆಸರು ಇಟ್ಟರೆ ಅದನ್ನು ಬೇರೆ ಯಾರೂ ಇಡುವುದಿಲ್ಲ, ಹಳೆಯದೂ ಆಗುವುದಿಲ್ಲ. ಸಿಕ್ಕಿಹಾಕಿಕೊಂಡದ್ದು ಎರಡು ಕಡೆ. ಒಂದು, ಬರೆಯುವುದು ಕೆರೆ ಏರಿ, ಬಾಯಲ್ಲಿ ಬರುವುದು ಕೆರೆಯೇರಿ. ಯಕಾರಾಗಮ ಸಂಧಿ ಅಂತ ಕನ್ನಡ ಮೇಷ್ಟ್ರು ಒಂದು ಕಡೆ, ಬಿಡಿಸಿಯೇ ಬರೆಯಿರಿ ಅಂತ ಡ್ರಾಯಿಂಗ್ ಮೇಡಂ ಇನ್ನೊಂದು ಕಡೆ. ಎರಡನೆಯದನ್ನು ಕಂಡುಹಿಡಿದದ್ದು ನಮ್ಮ ಗೋಲ್‌ಕೀಪರ್. ಸುಮ್ಮನೆ ಕೂತಿದ್ದವಳು, "ಮಿಸ್, ನಾನು ಗೋಲು ಬಿಟ್ಟರೆ ಅವರು ಏರಿ ಒಡೀತು ಅಂತಾರೆ" ಅಂದಳು. ಎಲ್ಲರೂ ಐದು ನಿಮಿಷ ನಕ್ಕರು, ಆ ಹೆಸರು ಅಲ್ಲಿಗೆ ಸತ್ತಿತು.

ಉಳಿದದ್ದು ಚುರುಮುರಿ ಮತ್ತು ಮಿಂಚುಳ್ಳಿ. ನಿಜವಾದ ಹೋಲಿಕೆ ಶುರುವಾದದ್ದು ಇಲ್ಲಿ.

ಕೂಗು, ಚಪ್ಪಾಳೆ, ತಿರುಚು

ಹೆಸರನ್ನು ಪರೀಕ್ಷಿಸಲು ನಾನು ಮಾಡಿಸುವುದು ಮೂರೇ ಕೆಲಸ. ಮೊದಲನೆಯದು, ಒಬ್ಬಳನ್ನು ಆಚೆ ಗೋಲಿನ ಹತ್ತಿರ ನಿಲ್ಲಿಸಿ, ಈಚೆಯಿಂದ ನಾಲ್ವರು ಒಟ್ಟಿಗೆ ಕೂಗುವುದು. ಅಲ್ಲಿದ್ದವಳಿಗೆ ಯಾವ ಹೆಸರು ಅಂತ ಮೊದಲೇ ಹೇಳಿರಬಾರದು. ಅವಳಿಗೆ ಕೇಳಿಸಿದ್ದೇನು ಅನ್ನುವುದೇ ಫಲಿತಾಂಶ. "ಚುರುಮುರಿ" ಅಷ್ಟು ದೂರ ಹೋಗುವಷ್ಟರಲ್ಲಿ ಬರೀ "ಉರಿ" ಆಗಿತ್ತು. "ಮಿಂಚುಳ್ಳಿ"ಯಲ್ಲಿ ನಡುವಿನ "ಚುಳ್" ಕತ್ತರಿಸಿದ ಹಾಗೆ ಕೇಳಿಸಿತು, ಕೊನೆಯ "ಈ"ಯನ್ನು ಎಳೆಯಲು ಬಂತು.

ಎರಡನೆಯದು ಚಪ್ಪಾಳೆ. ಲಘು ಗುರು ಹಾಕಲು ಮಕ್ಕಳು ಮುಂದೆ ಹೈಸ್ಕೂಲಿನಲ್ಲಿ ಕಲಿಯುತ್ತಾರೆ, ಕೈಗೆ ಮಾತ್ರ ಈಗಲೇ ಗೊತ್ತು. ಚುರುಮುರಿಯಲ್ಲಿ ನಾಲ್ಕೂ ಲಘು. ಬಿಡದೆ ಹೇಳಿದರೆ ರೈಲಿನ ಹಾಗೆ ಓಡುತ್ತದೆ, ಆದರೆ ಚಪ್ಪಾಳೆ ಎಲ್ಲಿ ಬೀಳಬೇಕು ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ಮಿಂಚುಳ್ಳಿ ಗುರು, ಗುರು, ಲಘು. ಎರಡು ಗಟ್ಟಿ ಪೆಟ್ಟು, ಆಮೇಲೆ ಒಂದು ಸಣ್ಣದು. ಜೋಡಿಸಿ ಹೇಳಿದರೆ "ಮಿಂಚುಳ್ಳಿ, ಮಿಂಚುಳ್ಳಿ" ಅಂತ ಯಾರೂ ಕಲಿಸದೆಯೇ ಹತ್ತೂ ಜನರ ಕೈ ಒಟ್ಟಿಗೆ ಬಿತ್ತು. ದಕ್ಷಿಣ ಆಫ್ರಿಕಾದವರ ಗುಟ್ಟು ಇದೇ. ಓಬವ್ವ ಕೂಡ ಇದೇ ಗುರು ಗುರು ಲಘು, ಅದಕ್ಕೇ ಅದು ಕಿವಿಗೆ ಅಷ್ಟು ಗಟ್ಟಿ ಅನ್ನಿಸಿದ್ದು.

ಮೂರನೆಯದು ತಿರುಚಿ ನೋಡುವುದು. ಇದನ್ನು ದೊಡ್ಡವರು ಮಾಡಿದರೆ ಆಗುವುದಿಲ್ಲ, ಆ ವಯಸ್ಸಿನ ತಲೆಯೇ ಬೇಕು. ಪಕ್ಕದ ಸೆಕ್ಷನ್ನಿನ ನಾಲ್ಕು ತುಂಟರನ್ನು ಕರೆದು, "ಈ ಹೆಸರಿಟ್ಟುಕೊಂಡವರನ್ನು ಹೇಗೆ ಆಡಿಕೊಳ್ತೀರಿ?" ಅಂತ ಕೇಳಿ. ಎರಡೇ ನಿಮಿಷ ಸಾಕು. ಚುರುಮುರಿಗೆ ಸಿಕ್ಕ ಉತ್ತರ "ತಿಂದು ಪೊಟ್ಟಣ ಎಸೀತೀವಿ". ಮಿಂಚುಳ್ಳಿಗೆ "ಈರುಳ್ಳಿ, ಬೆಳ್ಳುಳ್ಳಿ". ಆಡಿಕೊಳ್ಳಲಾಗದ ಹೆಸರು ಅಂತ ಇಲ್ಲವೇ ಇಲ್ಲ, ಹುಡುಕಲು ಹೋಗಬೇಡಿ. ನೋಡಬೇಕಾದದ್ದು, ಆಡಿಕೊಂಡಾಗ ನಮ್ಮ ಹುಡುಗಿಯರಿಗೆ ನಗು ಬರುತ್ತದೋ ಅಳು ಬರುತ್ತದೋ ಅನ್ನುವುದು. ಮೈಬಣ್ಣ, ದಪ್ಪ ಸಣ್ಣ, ಜಾತಿ, ಇವುಗಳ ಹತ್ತಿರ ಸುಳಿಯುವ ತಿರುಚು ಹೊರಟರೆ ಹೆಸರು ಎಷ್ಟು ಚಂದ ಇದ್ದರೂ ಬಿಡಿ. ಈರುಳ್ಳಿಗೆ ಎಲ್ಲರೂ ನಕ್ಕರು.

ಚುರುಮುರಿಗೆ ಇನ್ನೊಂದು ಮಿತಿ ಇತ್ತು. ನಮ್ಮ ಕಡೆ, ಮೈಸೂರು, ಬೆಂಗಳೂರು ಕಡೆ ಅದು ಬಾಯಲ್ಲಿ ನೀರೂರಿಸುವ ಪದ. ದಾವಣಗೆರೆ ಕಡೆ ಹೋದರೆ ಮಂಡಕ್ಕಿ ಅನ್ನಬೇಕು, ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಅಂತ ಬೇರೆಯದೇ ಕೊಡುತ್ತಾರೆ. ಗೆಳತಿಯರ ಒಳಗಿನ ತಮಾಷೆಯಿಂದ ಹುಟ್ಟಿದ ಹೆಸರುಗಳಿಗೆಲ್ಲ ಈ ಪಾಡು. ಇವರು ಆಟ ಮುಗಿದ ಮೇಲೆ ಒಂದೇ ಪೊಟ್ಟಣ ಹಂಚಿ ತಿನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಆ ಪೊಟ್ಟಣ ನೋಡದವರಿಗೆ ಅದೇನೂ ಅನ್ನಿಸುವುದಿಲ್ಲ. ಮುಂದಿನ ವರ್ಷ ಹನ್ನೊಂದನೆಯವಳು ಸೇರಿದರೆ ಅವಳಿಗೂ ಅನ್ನಿಸುವುದಿಲ್ಲ.

ಮಿಂಚುಳ್ಳಿಗೂ ಒಂದು ಕಂಟಕ ಬಂತು. ಹೆಡ್ ಮೇಡಂ ಹೆಸರು ಕೇಳಿ, "ಅದರ ಇಂಗ್ಲಿಷ್ ಏನು ಗೊತ್ತಲ್ಲ?" ಅಂದರು. ಗೊತ್ತಿತ್ತು. ಬಾಟಲಿ ಮೇಲಿನ ಹಕ್ಕಿ. "ಕನ್ನಡದಲ್ಲೇ ಬರೆಸ್ತೀವಿ ಮೇಡಂ, ಅನುವಾದ ಮಾಡಲ್ಲ" ಅಂದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಸಹಿ ಹಾಕಿದರು. ನಿಮ್ಮ ಹೆಸರನ್ನೂ ಒಮ್ಮೆ ಇಂಗ್ಲಿಷಿಗೆ, ಹಿಂದಿಗೆ, ಉರ್ದುವಿಗೆ ತಿರುಗಿಸಿ ನೋಡಿ. ನಮ್ಮ ತಂಡದಲ್ಲಿ ಇಬ್ಬರ ಮನೆಮಾತು ಉರ್ದು. "ಳ್ಳಿ" ಅವರ ಬಾಯಲ್ಲಿ ಹೊರಳುತ್ತದೋ ಅಂತ ನನಗೆ ಅನುಮಾನ ಇತ್ತು. ನೋಡಿದರೆ ಕನ್ನಡದ ಮನೆಯವರೇ ಇಬ್ಬರು "ಮಿಂಚುಲ್ಲಿ" ಅನ್ನುತ್ತಿದ್ದರು, ಇವರು ಸರಿಯಾಗಿಯೇ ಅಂದರು.

ಕೈ ಎತ್ತಿಸಬೇಡಿ

ಗೆಳತಿಯರ ತಂಡದಲ್ಲಿ ಕೈ ಎತ್ತಿ ಮತ ಹಾಕಿಸಿದರೆ ಗೆಲ್ಲುವುದು ಹೆಸರಲ್ಲ, ಗೆಳೆತನ. ನಾನು ಮೊದಲು ಆ ತಪ್ಪು ಮಾಡಿದೆ. ಕ್ಯಾಪ್ಟನ್ ಥಂಡರ್ ಕ್ವೀನ್ಸ್‌ಗೆ ಕೈ ಎತ್ತಿದಳು, ಅವಳ ಮುಖ ನೋಡಿ ಒಬ್ಬೊಬ್ಬರೇ ಎತ್ತಿ ಆರು ಕೈ ಆಯಿತು.

ಮರುದಿನ ಐದೂ ಹೆಸರನ್ನು ಮತ್ತೆ ಇಟ್ಟು ಚೀಟಿ ಹಂಚಿದೆ. ತುಂಬಾ ಇಷ್ಟವಾದದ್ದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಹತ್ತು ಜನ, ತಲಾ ಆರು ಅಂಕ, ಒಟ್ಟು 60. ಚೀಟಿಯ ಹಿಂದೆ, ಬೇಕಿದ್ದರೆ, ಖಂಡಿತ ಬೇಡ ಅನ್ನಿಸುವ ಒಂದು ಹೆಸರು ಬರೆಯಬಹುದು. ಮೂರು ಜನ ಬೇಡ ಅಂದರೆ ಆ ಹೆಸರು ಹೊರಗೆ ಅನ್ನುವುದನ್ನು ಎಣಿಸುವ ಮೊದಲೇ ಹೇಳಿಬಿಟ್ಟಿದ್ದೆ. ಎಣಿಸಿದ ಮೇಲೆ ಹೇಳಿದರೆ ಜಗಳ.

ಚುರುಮುರಿಗೆ 19, ಮಿಂಚುಳ್ಳಿಗೆ 17, ಓಬವ್ವ ಪಡೆಗೆ 11, ಕೆರೆ ಏರಿಗೆ 9. ಹಿಂದಿನ ದಿನ ಆರು ಕೈ ಎತ್ತಿಸಿಕೊಂಡ ಥಂಡರ್ ಕ್ವೀನ್ಸ್‌ಗೆ ನಾಲ್ಕೇ ಅಂಕ, ಅದರಲ್ಲಿ ಮೂರು ಕ್ಯಾಪ್ಟನ್ನಿನವೇ ಇರಬೇಕು. ಚೀಟಿ ತಿರುಗಿಸಿದಾಗ ಚುರುಮುರಿಗೆ ನಾಲ್ಕು "ಬೇಡ", ಮಿಂಚುಳ್ಳಿಗೆ ಒಂದೇ. ಅಂದರೆ ಚುರುಮುರಿ ಕೆಲವರಿಗೆ ಪ್ರಾಣ, ಇನ್ನು ಕೆಲವರಿಗೆ ನಾಚಿಕೆ. ಮೈ ಮೇಲೆ ಹೊತ್ತು ಊರೂರು ತಿರುಗುವ ಹೆಸರಿಗೆ ಅಂಕಕ್ಕಿಂತ ಈ ಹಿಂದಿನ ಬರಹ ಮುಖ್ಯ ಅಂತ ನನ್ನ ಲೆಕ್ಕ. ನಾಚಿಕೆಯಾಗುವ ಹುಡುಗಿ ಟಿ-ಶರ್ಟಿನ ಮೇಲೆ ಸ್ವೆಟರ್ ಹಾಕಿಕೊಂಡೇ ಬರುತ್ತಾಳೆ.

ಕೆಳಗಡೆ ಸಾಲು

ಹೆಸರು ನೋಡುವವರಿಗೆ, ಕೂಗುವವರಿಗೆ. ಧ್ಯೇಯವಾಕ್ಯ ಆಡುವವರಿಗೆ. ಅದನ್ನು ತೂಗಲು ನನ್ನ ಹತ್ತಿರ ಇರುವುದು ಒಂದೇ ತಕ್ಕಡಿ: ಸೊನ್ನೆಗೆ ಮೂರರಲ್ಲಿ ಹಿಂದಿರುವಾಗ, ಅರ್ಧ ಆಟದ ವಿರಾಮದಲ್ಲಿ, ನೀರು ಕುಡಿಯುತ್ತಾ ನಿಂತಾಗ ಇದನ್ನು ಗಟ್ಟಿಯಾಗಿ ಹೇಳಲು ಆಗುತ್ತದೆಯೇ?

"ಗೆಲುವೇ ನಮ್ಮ ಗುರಿ" ಅಲ್ಲೇ ಬಿತ್ತು. ಹಿಂದಿರುವಾಗ ಅದನ್ನು ಹೇಳಿದರೆ ಅಣಕಿಸಿದ ಹಾಗಿರುತ್ತದೆ. "ಒಗ್ಗಟ್ಟಿನಲ್ಲಿ ಬಲವಿದೆ" ಗೋಡೆಬರಹ, ಯಾವ ಸಂಘದ ಬೋರ್ಡಿಗೂ ಹೊಂದುತ್ತದೆ. "ಹನಿಗೂಡಿದರೆ ಹಳ್ಳ" ಮಾತ್ರ ನಿಜಕ್ಕೂ ಒಳ್ಳೆಯದು. ಗಾದೆಯ ಅರ್ಧ, ಮೂರು ಸೆಕೆಂಡಿನ ಮಾತು, ಸೋತಾಗಲೂ ಸುಳ್ಳಾಗುವುದಿಲ್ಲ, ನೀರಿನ ಹಕ್ಕಿಯ ಜತೆಗೂ ಸಲ್ಲುತ್ತದೆ. ಎಂಟು ಜನಕ್ಕೆ ಅದೇ ಬೇಕಿತ್ತು.

ಬದಲಿ ಆಟಗಾರ್ತಿ ಒಬ್ಬಳು ತಂದದ್ದು "ಕೊಟ್ಟು ಓಡು". ಇದು ನನ್ನದೇ ಮಾತು, ದಿನಾ ಮೈದಾನದಲ್ಲಿ ಗಂಟಲು ಹರಿದುಕೊಂಡು ಹೇಳುವುದು. ಯಾಕೆ ಅಂತ ಹೇಳುತ್ತೇನೆ. ಈ ವಯಸ್ಸಿನ ಮಕ್ಕಳ ದೊಡ್ಡ ದೋಷ ಪಾಸ್ ಮಾಡಲು ಬಾರದಿರುವುದಲ್ಲ. ಪಾಸ್ ಮಾಡಿದ ಮೇಲೆ ನಿಂತು ಅದನ್ನೇ ನೋಡುವುದು. ಮಧ್ಯದಲ್ಲಿ ಚೆಂಡು ಹಿಡಿದವಳ ಎದುರು ಒಬ್ಬ ಎದುರಾಳಿ ಬಂದಳು ಅನ್ನಿ. ಇವಳು ಪಕ್ಕದ ಗೆಳತಿಗೆ ಕೊಡುತ್ತಾಳೆ. ಎದುರಾಳಿಯ ತಲೆ ಚೆಂಡಿನ ಕಡೆ ತಿರುಗುತ್ತದೆ. ಆ ಒಂದು ಕ್ಷಣದಲ್ಲಿ ಕೊಟ್ಟವಳು ಅವಳ ಬೆನ್ನ ಹಿಂದಿನಿಂದ ಓಡಿದರೆ ಚೆಂಡು ವಾಪಸು ಬರುವಾಗ ಮುಂದೆ ಬಯಲು. ನಿಂತಳೋ, ಈಗ ಚೆಂಡು ಹಿಡಿದವಳು ಒಬ್ಬಂಟಿ, ಎದುರಾಳಿ ನೇರ ಅವಳ ಮೇಲೆ. ಇಬ್ಬರು ಒಬ್ಬಳನ್ನು ದಾಟುವ ಅತಿ ಹಳೆಯ ಉಪಾಯ ಇದು, ಅಷ್ಟೂ ಆ ಎರಡು ಪದದಲ್ಲಿದೆ.

"ಸಾಲ ಕೊಟ್ಟು ಓಡೋದೇನಮ್ಮ?" ಅಂತ ಲೆಕ್ಕದ ಮೇಷ್ಟ್ರು ನಕ್ಕರು. ಅವರು ನಕ್ಕದ್ದು ತೊಂದರೆಯಲ್ಲ. ನಿಜವಾದ ಅಪಾಯ ಬೇರೆ ಕಡೆ ಇತ್ತು. ಆಟದ ಆಜ್ಞೆಯನ್ನೇ ಧ್ಯೇಯವಾಕ್ಯ ಮಾಡಿಕೊಂಡರೆ ಗೆರೆಯಾಚೆಯ ಅಪ್ಪ ಅಮ್ಮಂದಿರು ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತಾರೆ. ಹಿಂದೆ ನಿಲ್ಲಬೇಕಾದ ಡಿಫೆಂಡರ್ "ಓಡು" ಕೇಳಿ ಜಾಗ ಬಿಟ್ಟು ಮುಂದೆ ಓಡಿದಳು, ಅಭ್ಯಾಸ ಪಂದ್ಯದಲ್ಲಿ ಗೋಲೂ ಬಿತ್ತು. ಆಮೇಲೆ ಒಂದು ಕಟ್ಟು ಮಾಡಿಕೊಂಡೆವು: ಹೆಸರು ಯಾರು ಬೇಕಾದರೂ ಕೂಗಲಿ, ಸಾಲು ಮಾತ್ರ ಆಟಗಾರ್ತಿಯರದು, ಆಟ ಶುರುವಾಗುವ ಮೊದಲು ಮತ್ತು ವಿರಾಮದಲ್ಲಿ ತಲೆ ಕೂಡಿಸಿ ನಿಂತಾಗ.

ಗಾದೆಯೋ ಆಜ್ಞೆಯೋ ಅನ್ನುವ ಪ್ರಶ್ನೆಗೆ ಎರಡೂ ಕಡೆ ನ್ಯಾಯ ಇದೆ. ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್ 1867ರದು, ಸ್ಕಾಟ್ಲೆಂಡಿನಲ್ಲೇ ಹಳೆಯದು. ಅದರ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ "ಆಟಕ್ಕಾಗಿಯೇ ಆಡುವುದು". ಆಟಗಾರರಿಗೆ ಸಂಬಳ ಕೊಡದ ಕ್ಲಬ್ ಆಗಿ 2019ರವರೆಗೂ ಉಳಿಯಿತು. ಅಷ್ಟು ವರ್ಷ ಬಾಳುವ ಸಂಸ್ಥೆಗೆ ಅಂಥ ನಂಬಿಕೆಯ ಮಾತು ಸರಿ. ನಮ್ಮದು ಎಂಟನೇ ಕ್ಲಾಸಿಗೆ ಅರ್ಧ ಜನ ಬೇರೆ ಶಾಲೆಗೆ ಹೋಗಬಹುದಾದ ತಂಡ, ಈ ವರ್ಷ ಕಾಲಿಗೆ ಉಪಯೋಗವಾಗುವ ಮಾತು ಸಾಕು ಅಂತ ನನಗನ್ನಿಸಿತು. ಒಂದು ವಾರ ಎರಡನ್ನೂ ಹೇಳಿಸಿ ನೋಡಿದೆ. "ಹನಿಗೂಡಿದರೆ ಹಳ್ಳ"ವನ್ನು ತಲೆ ಬಗ್ಗಿಸಿ ಪ್ರಾರ್ಥನೆಯ ಹಾಗೆ ಹೇಳಿದರು. "ಕೊಟ್ಟು ಓಡು" ಅಂದಾಗ ಒಬ್ಬಳು "ಕೊಟ್ಟು" ಅಂದರೆ ಉಳಿದವರು "ಓಡು" ಅಂತ ನೆಲಕ್ಕೆ ಕಾಲು ಬಡಿದರು. ಇದನ್ನೂ ನಾನು ಹೇಳಿಕೊಟ್ಟದ್ದಲ್ಲ.

ಬಟ್ಟೆಯ ಮೇಲೆ ಬರುವಾಗ

ಬಣ್ಣದ ವಿಷಯ ಬೇಗ ಮುಗಿಯಿತು. ಮಿಂಚುಳ್ಳಿ ಅಂದರೆ ಎಲ್ಲರಿಗೂ ನೆನಪಾಗುವುದು ನೀಲಿ. ನಮ್ಮ ಕೆರೆಯ ಮೇಲೆ ಕಪ್ಪು ಬಿಳುಪಿನದೂ ಬರುತ್ತದೆ, ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು ನೆಟ್ಟಗೆ ನೀರಿಗೆ ಬೀಳುವುದು ಅದೇ. ಬಿಳಿ ಟಿ-ಶರ್ಟು, ಕಪ್ಪು ಅಕ್ಷರ, ಒಂದೇ ಬಣ್ಣದ ಅಚ್ಚು, ಖರ್ಚೂ ಕಡಿಮೆ.

ತಡವಾದದ್ದು ಅಕ್ಷರದಿಂದ. ಫೋನಿನಲ್ಲಿ ಟೈಪ್ ಮಾಡಿದ ಹೆಸರನ್ನು ವಾಟ್ಸಾಪಿನಲ್ಲಿ ಕಳಿಸಿದ್ದೆ. ಅಂಗಡಿಯವರು ಅದನ್ನು ಹಳೆಯ ಡಿಸೈನ್ ತಂತ್ರಾಂಶಕ್ಕೆ ಹಾಕಿದಾಗ ಒತ್ತಕ್ಷರ ಕಳಚಿ "ಮಿಂಚುಳ್‌ಳಿ" ಆಗಿತ್ತು. ಹಳೆಯ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ಪರಿಹಾರ ಸುಲಭ: ಹೆಸರನ್ನು ಚಿತ್ರವಾಗಿಯೋ ಪಿ.ಡಿ.ಎಫ್. ಆಗಿಯೋ ಕಳಿಸಿ, ಇಲ್ಲವೇ ಅವರೇ "ನುಡಿ" ತಂತ್ರಾಂಶದಲ್ಲಿ ಟೈಪ್ ಮಾಡಲಿ. ಏನೇ ಆದರೂ ಒಂದು ಮಾದರಿ ಕಣ್ಣಾರೆ ನೋಡದೆ ಹತ್ತಕ್ಕೂ ಒತ್ತಿಸಬೇಡಿ.

ಹೆಸರಿಗೂ ಸಾಲಿಗೂ ನಡುವೆ ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಬಿಟ್ಟರೆ "ಳ್ಳಿ"ಯ ಒತ್ತು ಕೆಳಗಿನ "ಓ" ಮೇಲೆ ಕೂತುಬಿಡುತ್ತದೆ. ಒಂದು ಬೆರಳಿನಷ್ಟು ಹೆಚ್ಚಿಗೆ ಬಿಡಿಸಿ. ಹಾಳೆ ಕತ್ತರಿಸಿ ಇಸ್ತ್ರಿ ಶಾಖದಲ್ಲಿ ಅಂಟಿಸುವ ಅಚ್ಚಾದರೆ ಒಂದು ಸೆಂಟಿಮೀಟರಿಗಿಂತ ಸಣ್ಣ ಅಕ್ಷರ ಬೇಡ. ಸಣ್ಣ ಅಕ್ಷರದ ಗುಡಿಸುಗಳು ನಾಲ್ಕು ಒಗೆತಕ್ಕೆ ಏಳುತ್ತವೆ, ಗುಡಿಸು ಹೋದ "ಮಿಂಚು" ಬೇರೆ ಏನೋ ಆಗುತ್ತದೆ. ನಾವು ಹೆಸರನ್ನು ಎದೆಗೂ ಸಾಲನ್ನು ಬೆನ್ನಿಗೂ ಹಾಕಿಸಿದೆವು, ಎರಡು ತಾಪತ್ರಯವೂ ತಪ್ಪಿತು.

ಹೊಸ ಬಟ್ಟೆಯ ಮೊದಲ ಪಂದ್ಯ ಪಕ್ಕದ ತಾಲ್ಲೂಕಿನಲ್ಲಿ. ಹತ್ತು ನಿಮಿಷವೂ ಆಗಿರಲಿಲ್ಲ, ಆ ಕಡೆಯ ಹುಡುಗರು ಶುರು ಮಾಡಿದರು, "ಈರುಳ್ಳಿ! ಈರುಳ್ಳಿ!" ನಮ್ಮ ಗೋಲ್‌ಕೀಪರ್ ಚೆಂಡು ಎತ್ತಿಕೊಂಡು ಅವರ ಕಡೆ ತಿರುಗಿ, "ಅರ್ಧ ಕೆ.ಜಿ. ಕೊಡ್ಲಾ?" ಅಂದು ಒದ್ದಳು. ಸೊನ್ನೆಗೆ ಎರಡರಲ್ಲಿ ಸೋತೆವು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎರಡು ಪೊಟ್ಟಣ ಚುರುಮುರಿ ಕೊಂಡರು, ಈರುಳ್ಳಿ ಜಾಸ್ತಿ ಹಾಕಿಸಿಕೊಂಡು.